ಏಳನೆಯ ಜೋಡಿ ಎಲ್ಲಿ ಕೂರುತ್ತದೆ?

ಪಿಯು ಮೌಲ್ಯಮಾಪನಕ್ಕೆ ಕೂತವರಿಗೆ ಗೊತ್ತಿರುತ್ತದೆ, ಮಧ್ಯಾಹ್ನದ ಊಟ ಮುಗಿಸಿ ಬಂದು ಬಂಡಲ್ ಬಿಚ್ಚಿದರೆ ಉತ್ತರಗಳೆಲ್ಲ ಒಬ್ಬರೇ ಬರೆದಂತೆ ಕಾಣತೊಡಗುತ್ತವೆ. ಆ ಹೊತ್ತಿನಲ್ಲಿ ಕಣ್ಣು ಎಚ್ಚರಗೊಳ್ಳುವುದು ಚಿತ್ರಗಳಿಗೆ ಮಾತ್ರ. ಜಡಾನಿಲಗಳ ಪಾಠ ಇನ್ನೂ ಪಠ್ಯದಲ್ಲಿದ್ದ ಕಾಲದ ಮಾತು. ಝೆನಾನ್ ಮತ್ತು ಫ್ಲೋರಿನ್ ಸೇರಿದ XeF₆ ಅಣುವಿನ ರಚನೆ ಬರೆಯಿರಿ ಎಂಬ ಪ್ರಶ್ನೆಗೆ ಒಬ್ಬ ಹುಡುಗ ಆರು ಫ್ಲೋರಿನ್ ಬರೆದು ಎರಡು ಫ್ಲೋರಿನ್‌ಗಳ ನಡುವಿನ ಸಂದಿಯಲ್ಲಿ ಲೋನ್ ಪೇರ್, ಅಂದರೆ ಬಂಧಕ್ಕೆ ಸೇರದೆ ಉಳಿದ ಎಲೆಕ್ಟ್ರಾನ್ ಜೋಡಿಯನ್ನು, ತೂರಿಸಿದ್ದ. ಮುಂದಿನ ಪತ್ರಿಕೆಯ ಹುಡುಗಿ ಅದನ್ನು ಮೂರು ಫ್ಲೋರಿನ್‌ಗಳ ನಡುವೆ ಇಟ್ಟಿದ್ದಳು. ಇನ್ನೊಬ್ಬರು ಲೋನ್ ಪೇರಿನ ಗೊಡವೆಗೇ ಹೋಗದೆ ಅಂದವಾದ ಅಷ್ಟಮುಖಿ ಬರೆದು ಕೆಳಗೆ ‘ಡಿಸ್ಟಾರ್ಟೆಡ್ ಆಕ್ಟಾಹೆಡ್ರಲ್’ ಎಂದು ದಪ್ಪಕ್ಷರದಲ್ಲಿ ಬರೆದಿದ್ದರು. “ಸ್ಕೀಮಲ್ಲಿ ಹೆಸರು ಇದೆ ಸರ್, ಹೆಸರು ಬರೆದಿದ್ರೆ ಅಂಕ ಕೊಟ್ಬಿಡಿ,” ಎಂದರು ಪಕ್ಕದವರು. ಎದುರಿಗೆ ಕೂತಿದ್ದ ಮೇಡಂ ಪೆನ್ ಕೆಳಗಿಟ್ಟು, “ಹಾಗಾದ್ರೆ ಲೋನ್ ಪೇರ್ ಎಲ್ಲಿ ಹಾಕಿದ್ರೂ ಸರೀನಾ?” ಎಂದು ಕೇಳಿದರು. ಯಾರೂ ಉತ್ತರಿಸಲಿಲ್ಲ. ಎಲ್ಲರಿಗೂ ಅಂಕ ಕೊಟ್ಟು ಬಂಡಲ್ ಮುಗಿಸಿದೆವು.

ಪ್ರಶ್ನೆ ಮಾತ್ರ ನನ್ನ ಜೊತೆ ಬಸ್ಸು ಹತ್ತಿ ಊರಿಗೆ ಬಂತು. XeF₂ ಸರಳ ರೇಖೆ, XeF₄ ಸಮತಲದ ಚೌಕ: ಇವೆರಡನ್ನೂ ತಪ್ಪಾಗಿ ಬರೆಯುವ ಮಕ್ಕಳು ಕಡಿಮೆ. ಅದೇ ಎಣಿಕೆ, ಅದೇ ನಿಯಮ ಇಟ್ಟುಕೊಂಡು XeF₆ಗೆ ಬಂದರೆ ಮಕ್ಕಳಷ್ಟೇ ಅಲ್ಲ, ಅವರ ಉತ್ತರ ತಿದ್ದುವವರೂ ತಡವರಿಸುತ್ತೇವೆ. ಯಾಕೆಂದು ಬೆನ್ನು ಹತ್ತಿದಾಗ ತಿಳಿದದ್ದು, 1960ರ ದಶಕದ ರಸಾಯನಶಾಸ್ತ್ರಜ್ಞರೂ ಇದೇ ಜಾಗದಲ್ಲಿ ಎರಡು ಪಕ್ಷವಾಗಿ ನಿಂತಿದ್ದರು ಎಂಬುದು.

ಎಣಿಸುವ ದಾರಿ

ಎಲೆಕ್ಟ್ರಾನ್ ಜೋಡಿಗಳು ಒಂದನ್ನೊಂದು ದೂರ ತಳ್ಳುತ್ತವೆ, ಹಾಗೆ ತಳ್ಳಿಕೊಂಡು ಎಲ್ಲಿ ನೆಲೆ ನಿಲ್ಲುತ್ತವೆಯೋ ಅದೇ ಅಣುವಿನ ಆಕಾರವನ್ನು ತೀರ್ಮಾನಿಸುತ್ತದೆ. 1940ರಲ್ಲಿ ಸಿಡ್ಜ್‌ವಿಕ್ ಮತ್ತು ಪೊವೆಲ್ ಹೊಳೆಯಿಸಿದ ಈ ಮಾತನ್ನು 1957ರಲ್ಲಿ ಗಿಲೆಸ್ಪಿ ಮತ್ತು ನೈಹೋಮ್ ನಿಯಮಗಳಾಗಿ ಕಟ್ಟಿದರು. ಆಗಿನ್ನೂ ಝೆನಾನಿನ ಒಂದು ಸಂಯುಕ್ತವೂ ಇರಲಿಲ್ಲ. ಅಂದರೆ ಈ ಅಣುಗಳನ್ನು ನೋಡಿ ಬರೆದ ನಿಯಮ ಇದಲ್ಲ. ಅಣುಗಳು ಆಮೇಲೆ ಬಂದು ಪರೀಕ್ಷೆಗೆ ಕೂತವು. ನನಗೆ ಈ ವಿಷಯದಲ್ಲಿ ಆಸಕ್ತಿ ಉಳಿದಿರುವುದು ಮುಖ್ಯವಾಗಿ ಇದರಿಂದ.

XeF₂ ತೆಗೆದುಕೊಳ್ಳಿ. ಝೆನಾನಿನ ಹೊರಕವಚದಲ್ಲಿ ಎಂಟು ಎಲೆಕ್ಟ್ರಾನ್. ಎರಡು ಫ್ಲೋರಿನ್‌ಗಳು ತಲಾ ಒಂದು ತಂದರೆ ಹತ್ತು, ಅಂದರೆ ಐದು ಜೋಡಿ. ಅವುಗಳಲ್ಲಿ ಎರಡು ಬಂಧಕ್ಕೆ, ಮೂರು ಝೆನಾನಿಗೇ ಉಳಿದ ಲೋನ್ ಪೇರ್. ಐದು ಜೋಡಿ ಆದಷ್ಟು ದೂರ ಕೂರಬೇಕೆಂದರೆ ಮೂರು ಒಂದು ಸಮತಲದಲ್ಲಿ 120 ಡಿಗ್ರಿ ಅಂತರದಲ್ಲಿ ಕೂತು, ಉಳಿದೆರಡು ಅದರ ಮೇಲೊಂದು ಕೆಳಗೊಂದು ನಿಲ್ಲುತ್ತವೆ. ಯಾರು ಸಮತಲದಲ್ಲಿ, ಯಾರು ತುದಿಯಲ್ಲಿ? ಇಲ್ಲಿ ಲೋನ್ ಪೇರಿನ ಸ್ವಭಾವ ಮುಖ್ಯವಾಗುತ್ತದೆ. ಬಂಧದ ಜೋಡಿಯನ್ನು ಎರಡು ನ್ಯೂಕ್ಲಿಯಸ್‌ಗಳು ಎಳೆದಿರುತ್ತವೆ. ಅದರಲ್ಲೂ ಫ್ಲೋರಿನ್ ತನ್ನ ಕಡೆಗೆ ಜೋರಾಗಿ ಎಳೆಯುವುದರಿಂದ ಝೆನಾನಿನ ಹತ್ತಿರ ಆ ಜೋಡಿ ಸಣ್ಣಗಾಗುತ್ತದೆ. ಲೋನ್ ಪೇರನ್ನು ಎಳೆಯುವುದು ಒಂದೇ ನ್ಯೂಕ್ಲಿಯಸ್. ಮೂರು ಜನರ ಸೀಟಿನಲ್ಲಿ ತೊಡೆಯ ಮೇಲೆ ಚೀಲ ಇಟ್ಟುಕೊಂಡು ಕೂತವರಂತೆ ಅದು ಅಕ್ಕಪಕ್ಕಕ್ಕೆ ಹರಡುತ್ತದೆ. ಎರಡು ಲೋನ್ ಪೇರ್‌ಗಳು 90 ಡಿಗ್ರಿಯಲ್ಲಿ ಅಕ್ಕಪಕ್ಕ ಬರುವುದನ್ನು ಅಣು ಎಲ್ಲಕ್ಕಿಂತ ಮೊದಲು ತಪ್ಪಿಸಬೇಕು. ಮೂರನ್ನೂ ಸಮತಲದಲ್ಲಿ ಕೂರಿಸಿದರೆ ಅಂಥ ಒಂದು ಜಗಳವೂ ಇಲ್ಲ. ಒಂದನ್ನು ತುದಿಗೆ ಕಳಿಸಿದರೂ ಅಂಥವು ಎರಡು ಹುಟ್ಟುತ್ತವೆ. ಹಾಗಾಗಿ ಫ್ಲೋರಿನ್‌ಗಳಿಗೆ ಸಿಗುವುದು ಎರಡು ತುದಿ. ಅಣು ಸರಳ ರೇಖೆ.

XeF₄ನಲ್ಲಿ ಹನ್ನೆರಡು ಎಲೆಕ್ಟ್ರಾನ್, ಆರು ಜೋಡಿ, ಅಷ್ಟಮುಖಿಯ ಆರು ಮೂಲೆ. ಎರಡು ಲೋನ್ ಪೇರ್‌ಗಳು ಎದುರುಬದುರಾದರೆ ನಡುವೆ 180 ಡಿಗ್ರಿ, ಅಕ್ಕಪಕ್ಕವಾದರೆ 90. ಎದುರುಬದುರಾಗಿಯೇ ನಿಲ್ಲುತ್ತವೆ. ಉಳಿದ ನಾಲ್ಕು ಮೂಲೆಯಲ್ಲಿ ಫ್ಲೋರಿನ್, ಆದ್ದರಿಂದ ಚೌಕ. 1962ರಲ್ಲಿ ಅಮೆರಿಕದ ಆರ್ಗೋನ್ ರಾಷ್ಟ್ರೀಯ ಪ್ರಯೋಗಾಲಯದಲ್ಲಿ ಕ್ಲಾಸನ್, ಸೆಲಿಗ್, ಮಾಲ್ಮ್ ಈ ಮೂವರು ಒಂದು ಪಾಲು ಝೆನಾನಿಗೆ ಐದು ಪಾಲು ಫ್ಲೋರಿನ್ ಸೇರಿಸಿ, ನಿಕ್ಕೆಲ್ ಪಾತ್ರೆಯಲ್ಲಿ 400 ಡಿಗ್ರಿಗೆ ಒಂದು ಗಂಟೆ ಕಾಯಿಸಿ ತಣ್ಣಗಾಗಿಸಿದಾಗ ಬಣ್ಣವಿಲ್ಲದ ಹರಳುಗಳು ಸಿಕ್ಕವು. ಆ ಹರಳಿನ ರಚನೆ ಅಳೆದರೆ ಚೌಕವೇ. ಆಮೇಲೆ ಹೊಳೆದ ಸಂಗತಿಯೆಂದರೆ, ಅಷ್ಟೇ ಎಲೆಕ್ಟ್ರಾನ್ ಜೋಡಿಗಳಿರುವ ICl₄⁻ ಎಂಬ ಅಯೋಡಿನ್ ಅಯಾನು ಹಳೆಯ ಪರಿಚಯ, ಅದೂ ಚೌಕ. ಜಡಾನಿಲ ಯಾವುದರ ಜೊತೆಗೂ ಸೇರದು ಎಂಬ ನಂಬಿಕೆ ಬಲವಾಗಿದ್ದುದರಿಂದ ಪಕ್ಕದ ಮನೆಯ ಅಯೋಡಿನ್ ಮಾಡುತ್ತಿದ್ದುದನ್ನು ಝೆನಾನೂ ಮಾಡೀತು ಎಂದು ಕೇಳಿದವರು ಕಡಿಮೆ. ಲೈನಸ್ ಪಾಲಿಂಗ್ 1933ರಲ್ಲೇ XeF₆ ಇರಬಹುದು ಎಂದಿದ್ದರು. ಅದೇ ಸುಮಾರಿಗೆ ಅವರ ಸಂಸ್ಥೆಯಲ್ಲೇ ಯೋಸ್ಟ್ ಮತ್ತು ಕೇ ಪ್ರಯತ್ನಿಸಿದರೂ ಏನೂ ಸಿಗಲಿಲ್ಲ.

ವ್ಯಾಂಕೂವರಿನ ಶುಕ್ರವಾರ

ಇಲ್ಲಿ ಝೆನಾನಿನ ಮೊದಲ ಸಂಯುಕ್ತ ಮಾಡಿದ ಬಾರ್ಟ್ಲೆಟ್ ಕಥೆ ಎಲ್ಲರೂ ಹೇಳುತ್ತಾರೆ, ಉದ್ದ ಮಾಡುವುದಿಲ್ಲ. ಕೆನಡಾದ ವ್ಯಾಂಕೂವರಿನಲ್ಲಿ ನೀಲ್ ಬಾರ್ಟ್ಲೆಟ್ PtF₆ ಎಂಬ ಕಡುಗೆಂಪು ಆವಿಯ ಜೊತೆ ಕೆಲಸ ಮಾಡುತ್ತಿದ್ದರು. ಅದು ಆಮ್ಲಜನಕದ ಅಣುವಿನಿಂದಲೇ ಎಲೆಕ್ಟ್ರಾನ್ ಕಿತ್ತುಕೊಂಡು O₂⁺ ಮಾಡಿಬಿಟ್ಟಿತ್ತು. ಆಮ್ಲಜನಕದ ಅಣುವಿನಿಂದ ಒಂದು ಎಲೆಕ್ಟ್ರಾನ್ ಕೀಳಲು ಬೇಕಾದದ್ದು ಸುಮಾರು 12.1 ಎಲೆಕ್ಟ್ರಾನ್ ವೋಲ್ಟ್. ಝೆನಾನಿಗೂ ಹೆಚ್ಚುಕಡಿಮೆ ಅಷ್ಟೇ. 1962ರ ಮಾರ್ಚ್ 23ರ ಸಂಜೆ ಎರಡು ಅನಿಲಗಳ ನಡುವಿನ ಗಾಜಿನ ತಡೆ ಒಡೆದಾಗ ಕೆಂಪು ಆವಿ ಮಾಯವಾಗಿ ಕಿತ್ತಳೆ-ಹಳದಿ ಪುಡಿ ಉಳಿಯಿತು. ಅದನ್ನು XePtF₆ ಎಂದು ಕರೆದರು. ಅದು ಅಷ್ಟು ಸರಳವಾದ ಒಂದೇ ವಸ್ತುವಲ್ಲ, XeF⁺ ಇರುವ ಲವಣಗಳ ಮಿಶ್ರಣ ಎಂದು ಮುಂದೆ ಗೊತ್ತಾಯಿತು. ಈ XeF⁺ ಎಂಬ ತುಣುಕನ್ನು ನೆನಪಿಟ್ಟುಕೊಳ್ಳಿ. ಬಂಧದ ವಿಚಾರಕ್ಕೆ ಬಂದಾಗ ಅದು ಸಾಕ್ಷಿ ಹೇಳಲಿದೆ.

ಖಾಲಿ ಕೋಣೆಯ ಬಾಡಿಗೆ

ಎಣಿಕೆಯ ದಾರಿ ಆಕಾರ ಹೇಳುತ್ತದೆ. ಬಂಧ ಹೇಗೆ ಆಗುತ್ತದೆ ಎಂದು ಹೇಳುವುದಿಲ್ಲ. ತರಗತಿಯಲ್ಲಿ ನಾವು ಆ ಜಾಗವನ್ನು ಹೈಬ್ರಿಡೈಸೇಶನ್, ಅಂದರೆ ಎಲೆಕ್ಟ್ರಾನ್‌ಗಳು ಇರುವ ಆರ್ಬಿಟಲ್‌ಗಳ ಬೆರಕೆ, ಹೇಳಿ ತುಂಬುತ್ತೇವೆ: XeF₂ ಅಂದರೆ sp³d, XeF₄ ಅಂದರೆ sp³d², XeF₆ ಅಂದರೆ sp³d³. ಒಮ್ಮೆ ಹೀಗೆ ಬೋರ್ಡಿನ ಮೇಲೆ ಡಬ್ಬಿಗಳನ್ನು ಬರೆದು, 5p ಡಬ್ಬಿಯಿಂದ ಒಂದು ಬಾಣವನ್ನು 5d ಡಬ್ಬಿಗೆ ದಾಟಿಸುತ್ತಿದ್ದಾಗ ಕೊನೆಯ ಬೆಂಚಿನ ಹುಡುಗ ಎದ್ದು, “ಸರ್, 5d ಖಾಲಿ ಇದೆ ಅಂತ ಎಲೆಕ್ಟ್ರಾನ್ ಯಾಕೆ ಅಲ್ಲಿಗೆ ಹೋಗ್ಬೇಕು? ಅದು ತುಂಬಾ ಮೇಲಿದೆ ಅಲ್ವಾ?” ಎಂದ. “ಬಂಧ ಆದಾಗ ಶಕ್ತಿ ಸಿಗತ್ತಲ್ಲಪ್ಪಾ, ಅದರಿಂದ ಖರ್ಚು ತೂಗತ್ತೆ,” ಎಂದೆ. “ಎಷ್ಟು ಸಿಗತ್ತೆ ಸರ್?” ಎಂದ. ಎಷ್ಟು ಎಂದು ಕೇಳುವ ಮಕ್ಕಳು ಅಪರೂಪ. ಆ ದಿನ ಸಂಜೆ ಕೂತು ಲೆಕ್ಕ ಹಾಕಿದೆ.

ಝೆನಾನಿನ ಒಂದು ಎಲೆಕ್ಟ್ರಾನನ್ನು 5pಯಿಂದ 5dಗೆ ಏರಿಸಲು ಸುಮಾರು 10 ಎಲೆಕ್ಟ್ರಾನ್ ವೋಲ್ಟ್ ಬೇಕು, ಅಂದರೆ ಒಂದು ಮೋಲ್‌ಗೆ ಹತ್ತಿರ ಹತ್ತಿರ 960 ಕಿಲೋಜೂಲ್. XeF₂ನ ಒಂದೊಂದು ಬಂಧದ ಶಕ್ತಿ ಸುಮಾರು 133 ಕಿಲೋಜೂಲ್, ಎರಡು ಸೇರಿ 266. ಇದು ಏರಿಸಿದ ಖರ್ಚೆಲ್ಲ ಕಳೆದ ಮೇಲೆ ಕೈಯಲ್ಲಿ ಉಳಿಯುವ ಮೊತ್ತ. ಹಾಗಿದ್ದರೆ ಆ ಎರಡು ಬಂಧಗಳು ಮೊದಲು 960 ತೀರಿಸಿ, ಆಮೇಲೆ 266 ಉಳಿಸಬೇಕು. ಒಟ್ಟು 1226, ಒಂದೊಂದಕ್ಕೆ 600ಕ್ಕೂ ಮೇಲೆ. ಫ್ಲೋರಿನ್ನಿನ ಬಲವಾದ ಬಂಧಗಳ ಪಟ್ಟಿಯಲ್ಲಿ ಸದಾ ಹೆಸರು ಬರುವ HFನಲ್ಲೇ ಇರುವುದು 567. ಆರಡಿ ಗೋಡೆ ಹಾರಲು HFಗೂ ಇಲ್ಲದ ಶಕ್ತಿಯನ್ನು ಝೆನಾನ್ ಎಲ್ಲಿಂದ ತಂದೀತು? ಒರಟು ಲೆಕ್ಕವೇ ಇದು. ಆದರೂ sp³d ಎಂಬುದು ಆಕಾರಕ್ಕೆ ಅಂಟಿಸಿದ ಚೀಟಿ ಮಾತ್ರ, ಬಂಧದ ಕಾರಣ ಅದಾಗಲಾರದು ಎಂಬ ಅನುಮಾನಕ್ಕೆ ಇಷ್ಟು ಸಾಕು. ಗಣಕಯಂತ್ರದಲ್ಲಿ ಮಾಡಿದ ವಿವರವಾದ ಲೆಕ್ಕಗಳೂ d ಆರ್ಬಿಟಲ್‌ಗಳ ಪಾಲು ಚಿಕ್ಕದು ಎಂದೇ ಹೇಳುತ್ತವೆ.

ಹಾಗಾದರೆ ಬಂಧ ಎಲ್ಲಿಂದ? ಇದಕ್ಕೆ ಉತ್ತರ ಕೂಡ ಝೆನಾನ್ ಸಂಯುಕ್ತಗಳಿಗಿಂತ ಹಳೆಯದು. 1951ರಲ್ಲಿ ಪಿಮೆಂಟೆಲ್ ಮತ್ತು ರಂಡಲ್ ಬೇರೆ ಬೇರೆಯಾಗಿ I₃⁻ನಂಥ ಅಯಾನುಗಳಿಗಾಗಿ ಹೇಳಿದ ಮಾತು ಅದು. ಒಂದು ಸಾಲಿನಲ್ಲಿ ಮೂರು ಪರಮಾಣು ನಿಲ್ಲಿಸಿ: ಫ್ಲೋರಿನ್, ಝೆನಾನ್, ಫ್ಲೋರಿನ್. ಆ ಸಾಲಿನ ಗುಂಟ ಇರುವ ಝೆನಾನಿನ 5p ಆರ್ಬಿಟಲ್‌ನಲ್ಲಿ ಎರಡು ಎಲೆಕ್ಟ್ರಾನ್, ಎರಡೂ ಫ್ಲೋರಿನ್‌ಗಳ 2pಯಲ್ಲಿ ಒಂದೊಂದು. ಮೂರು ಆರ್ಬಿಟಲ್, ನಾಲ್ಕು ಎಲೆಕ್ಟ್ರಾನ್. ಮೂರು ಸೇರಿ ಮೂರು ಹೊಸ ಆರ್ಬಿಟಲ್‌ಗಳಾಗುತ್ತವೆ. ಕೆಳಗಿನದು ಮೂವರನ್ನೂ ಹಿಡಿದಿಡುತ್ತದೆ, ನಡುವಿನದು ಹಿಡಿಯುವುದೂ ಇಲ್ಲ ಬಿಡಿಸುವುದೂ ಇಲ್ಲ, ಮೇಲಿನದು ಬಿಡಿಸುತ್ತದೆ. ನಾಲ್ಕು ಎಲೆಕ್ಟ್ರಾನ್‌ಗಳು ಕೆಳಗಿನ ಎರಡರಲ್ಲಿ ತುಂಬುತ್ತವೆ, ಮೇಲಿನದು ಖಾಲಿ ಉಳಿಯುತ್ತದೆ. ಅಂದರೆ ನಿಜವಾಗಿ ಕಟ್ಟುತ್ತಿರುವುದು ಒಂದೇ ಜೋಡಿ, ಅದು ಎರಡು ಕೊಂಡಿಗಳಿಗೆ ಹಂಚಿಹೋಗುತ್ತದೆ. ಒಂದೊಂದು ಕೊಂಡಿಯೂ ಅರ್ಧ ಬಂಧ. ನಡುವಿನ ಆರ್ಬಿಟಲ್‌ನ ಎರಡು ಎಲೆಕ್ಟ್ರಾನ್‌ಗಳು ಝೆನಾನಿನ ಮೇಲೆ ಇರುವುದೇ ಇಲ್ಲ, ಎರಡು ತುದಿಗಳಲ್ಲೇ ಇರುತ್ತವೆ. ಹಾಗಾಗಿ ಒಂದೊಂದು ಫ್ಲೋರಿನ್ ಮೇಲೆ ಸುಮಾರು ಅರ್ಧ ಋಣ ಆವೇಶ, ಝೆನಾನಿನ ಮೇಲೆ ಹತ್ತಿರ ಹತ್ತಿರ ಒಂದು ಧನ ಆವೇಶ. ತುದಿಯಲ್ಲಿ ಇರುವವರು ಎಲೆಕ್ಟ್ರಾನ್ ಹಿಡಿದಿಟ್ಟುಕೊಳ್ಳಬಲ್ಲ ಫ್ಲೋರಿನ್, ಆಮ್ಲಜನಕದಂಥವರೇ ಯಾಕಾಗಬೇಕು ಎಂಬುದಕ್ಕೂ ಇದರಲ್ಲೇ ಉತ್ತರವಿದೆ. d ಆರ್ಬಿಟಲ್‌ನ ಹೆಸರೂ ಬರಲಿಲ್ಲ, ಗಮನಿಸಿ.

ಇದು ಬರೀ ಕಥೆಯಲ್ಲ ಎನ್ನಲು ಆಗಲೇ ಹೇಳಿದ XeF⁺ ಸಾಕ್ಷಿ. XeF₂ನಿಂದ ಒಂದು ಫ್ಲೋರೈಡನ್ನು SbF₅ನಂಥ ಕಿತ್ತುಕೊಳ್ಳುವ ವಸ್ತುವಿಗೆ ಕೊಟ್ಟುಬಿಟ್ಟರೆ ಉಳಿಯುವುದು ಎರಡೇ ಪರಮಾಣುಗಳ XeF⁺. ಈಗ ಹಂಚಿಕೊಳ್ಳಲು ಇನ್ನೊಬ್ಬರಿಲ್ಲ, ಆ ಜೋಡಿ ಪೂರ್ತಿ ಒಂದೇ ಕೊಂಡಿಗೆ. ಅರ್ಧ ಬಂಧ ಪೂರ್ತಿ ಬಂಧವಾದರೆ ಉದ್ದ ಕಡಿಮೆಯಾಗಲೇಬೇಕು. ಹರಳಿನಲ್ಲಿ ಅಳೆದರೆ XeF₂ನ ಬಂಧ 200 ಪಿಕೋಮೀಟರ್, Sb₂F₁₁⁻ ಜೊತೆಗಿರುವ XeF⁺ನಲ್ಲಿ 184. ಬಂಧದ ಉದ್ದದ ಲೋಕದಲ್ಲಿ ಹದಿನಾರು ಪಿಕೋಮೀಟರ್ ದೊಡ್ಡ ವ್ಯತ್ಯಾಸ.

ಎರಡು ದಾರಿ ಕವಲೊಡೆಯುವ ಜಾಗ

ಈಗ ಎರಡೂ ದಾರಿಗಳನ್ನು ಅಕ್ಕಪಕ್ಕ ಇಡೋಣ. ಮೂರು ಪರಮಾಣುಗಳ ಬಂಧದ ಲೆಕ್ಕದಲ್ಲಿ XeF₂ಗೆ ಒಂದು p ಆರ್ಬಿಟಲ್ ಸಾಕು. p ಆರ್ಬಿಟಲ್ ನೇರ ಸಾಲು, ಆದ್ದರಿಂದ ಅಣು ಸರಳ ರೇಖೆ. XeF₄ಗೆ ಎರಡು p ಬೇಕು, ಅವು ಒಂದಕ್ಕೊಂದು ಲಂಬ. ಆದ್ದರಿಂದ ಚೌಕ. ಲೋನ್ ಪೇರ್‌ಗಳ ಜಗಳದ ಮಾತೇ ಎತ್ತದೆ ಅದೇ ಉತ್ತರ ಬಂತು. ಅಂದರೆ ಈ ಎರಡು ಅಣುಗಳನ್ನು ಎಷ್ಟು ಅಳೆದರೂ ಎರಡು ವಿವರಣೆಗಳಲ್ಲಿ ಯಾವುದು ಸರಿ ಎಂದು ಗೊತ್ತಾಗುವುದಿಲ್ಲ. ಪರೀಕ್ಷೆಯಲ್ಲಿ ಮಕ್ಕಳು ಇವೆರಡನ್ನು ಸರಿಯಾಗಿ ಬರೆದಾಗ ಅವರಿಗೆ ಏನು ಗೊತ್ತಿದೆ ಎಂದು ನಮಗೂ ಗೊತ್ತಾಗುವುದಿಲ್ಲ, ಅದು ಬೇರೆ ಮಾತು.

XeF₆ಗೆ ಬನ್ನಿ. ಮೂರು p ಆರ್ಬಿಟಲ್‌ಗಳು, ಒಂದಕ್ಕೊಂದು ಲಂಬವಾದ ಮೂರು ಸಾಲುಗಳು, ಆರು ತುದಿಗಳಲ್ಲಿ ಆರು ಫ್ಲೋರಿನ್: ಒಂದಿಷ್ಟೂ ಸೊಟ್ಟಗಾಗದ ಅಷ್ಟಮುಖಿ. ಉಳಿದ ಒಂದು ಜೋಡಿ 5s ಆರ್ಬಿಟಲ್‌ನಲ್ಲಿ. s ಎಂದರೆ ಗೋಳ, ಯಾವ ದಿಕ್ಕಿಗೂ ಒಲವಿಲ್ಲ, ಆದ್ದರಿಂದ ಯಾರನ್ನೂ ತಳ್ಳುವುದಿಲ್ಲ. ಎಣಿಕೆಯ ದಾರಿ ಬೇರೆಯೇ ಹೇಳುತ್ತದೆ. ಎಂಟು ಮತ್ತು ಆರು ಹದಿನಾಲ್ಕು, ಏಳು ಜೋಡಿ. ಆರು ಬಂಧ, ಒಂದು ಲೋನ್ ಪೇರ್. ಏಳನೆಯದಕ್ಕೂ ಜಾಗ ಬೇಕು, ಆರು ಫ್ಲೋರಿನ್‌ಗಳು ಅಂದವಾದ ಅಷ್ಟಮುಖಿಯಾಗಿ ಇರಲು ಸಾಧ್ಯವೇ ಇಲ್ಲ. ಗಿಲೆಸ್ಪಿ ಇದನ್ನು ಪ್ರಯೋಗದ ಫಲಿತಾಂಶ ಬರುವ ಮೊದಲೇ ಹೇಳಿ, ತಮ್ಮ ನಿಯಮವನ್ನು ಪಣಕ್ಕಿಟ್ಟರು.

ತೀರ್ಮಾನ ಕೊಡಬೇಕಿದ್ದ ವಸ್ತು ಸುಲಭಕ್ಕೆ ಬಗ್ಗುವಂಥದ್ದಲ್ಲ. XeF₆ ಬೇಕೆಂದರೆ ಒಂದು ಪಾಲು ಝೆನಾನಿಗೆ ಇಪ್ಪತ್ತು ಪಾಲು ಫ್ಲೋರಿನ್, 300 ಡಿಗ್ರಿ, ಅರುವತ್ತು ಎಪ್ಪತ್ತು ವಾತಾವರಣದ ಒತ್ತಡ. ಗಾಜಿನ ಪಾತ್ರೆಯಲ್ಲಿ ಇಡುವಂತಿಲ್ಲ, ಗಾಜಿನ ಸಿಲಿಕಾವನ್ನೇ ತಿಂದು XeOF₄ ಆಗುತ್ತದೆ. ಒಣಗಿದ ನಿಕ್ಕೆಲ್ ಅಥವಾ ಮೊನೆಲ್ ಪಾತ್ರೆಯೇ ಆಗಬೇಕು. 1968ರಲ್ಲಿ ಗ್ಯಾವಿನ್ ಮತ್ತು ಬಾರ್ಟೆಲ್ ಇದರ ಆವಿಯ ಮೂಲಕ ಎಲೆಕ್ಟ್ರಾನ್ ಕಿರಣ ಹಾಯಿಸಿದ ಅಧ್ಯಯನ ಪ್ರಕಟಿಸಿದರು. ಈ ವಿಧಾನದಲ್ಲಿ ಅಣುವಿನ ಚಿತ್ರ ನೇರವಾಗಿ ಸಿಗುವುದಿಲ್ಲ. ಅಣುವಿನೊಳಗೆ ಯಾವ ಯಾವ ಪರಮಾಣುಗಳ ನಡುವೆ ಎಷ್ಟೆಷ್ಟು ದೂರ ಎಂಬ ಪಟ್ಟಿ ಸಿಗುತ್ತದೆ. ಅಂದವಾದ ಅಷ್ಟಮುಖಿಯಾಗಿದ್ದರೆ ಪಟ್ಟಿ ಚಿಕ್ಕದು: ಝೆನಾನ್-ಫ್ಲೋರಿನ್ ದೂರ ಒಂದೇ, ಸುಮಾರು 189 ಪಿಕೋಮೀಟರ್. ಅಕ್ಕಪಕ್ಕದ ಫ್ಲೋರಿನ್‌ಗಳ ದೂರ ಅದರ √2 ಪಟ್ಟು, ಅಂದರೆ 267. ಎದುರುಬದುರಿನದು ಎರಡು ಪಟ್ಟು, 378. ಮೂರು ಚೂಪಾದ ಶಿಖರ ಕಾಣಬೇಕಿತ್ತು. ಕಂಡ ಶಿಖರಗಳು ಅಷ್ಟಮುಖಿಯ ಸಾಮಾನ್ಯ ಕಂಪನದಿಂದ ವಿವರಿಸಲಾಗದಷ್ಟು ಅಗಲವಾಗಿ ಹರಡಿದ್ದವು. ಅಣು ಸೊಟ್ಟಗಿತ್ತು. ಎಣಿಕೆ ಗೆದ್ದಿತು.

ಗೆದ್ದಿತು ಎಂದು ಬರೆದು ಪೂರ್ಣವಿರಾಮ ಹಾಕಬಹುದಿತ್ತು, ಆದರೆ ಅದೇ ಹೊತ್ತಿಗೆ ಇನ್ನೊಂದು ಪ್ರಯೋಗದ ವರದಿಯೂ ಬಂತು. ಲೋನ್ ಪೇರ್ ಒಂದು ಕಡೆ ಗಟ್ಟಿಯಾಗಿ ಕೂತಿದ್ದರೆ ಅಮೋನಿಯಕ್ಕೆ ಇರುವಂತೆ ಈ ಅಣುವಿಗೂ ಎರಡು ಧ್ರುವ ಇರಬೇಕು. ಅಣುಗಳ ಸಣ್ಣ ಧಾರೆಯನ್ನು ಏಕರೂಪವಲ್ಲದ ವಿದ್ಯುತ್ ಕ್ಷೇತ್ರದಲ್ಲಿ ಹಾಯಿಸಿದರೆ ಧ್ರುವವುಳ್ಳವು ಬಾಗುತ್ತವೆ. ಕ್ಲೆಂಪರರ್ ಮತ್ತು ಜೊತೆಗಾರರು ಹೀಗೆ ಮಾಡಿ ನೋಡಿದಾಗ XeF₆ ಹೆಚ್ಚುಕಡಿಮೆ ಬಾಗಲೇ ಇಲ್ಲ. ಇದ್ದರೂ ಧ್ರುವತೆ ತೀರಾ ಚಿಕ್ಕದು. ಸೊಟ್ಟಗೂ ಇದೆ, ಒಂದು ಕಡೆಗೆ ವಾಲಿಯೂ ಇಲ್ಲ ಎಂದರೆ ಹೇಗೆ?

ಈಗ ಒಪ್ಪಿರುವ ಚಿತ್ರ ಹೀಗೆ. ಅಷ್ಟಮುಖಿಗೆ ಎಂಟು ಮುಖ, ಒಂದೊಂದು ಮುಖದ ಮೂಲೆಗಳಲ್ಲಿ ಮೂರು ಫ್ಲೋರಿನ್. ಏಳನೆಯ ಜೋಡಿ ಯಾವುದಾದರೂ ಒಂದು ಮುಖದ ನಡುವಿನಿಂದ ತಲೆ ಹಾಕುತ್ತದೆ, ಆ ಮೂರು ಫ್ಲೋರಿನ್‌ಗಳು ಸ್ವಲ್ಪ ದೂರ ಸರಿದು ಜಾಗ ಬಿಡುತ್ತವೆ, ಅವುಗಳ ಬಂಧ ಕೊಂಚ ಉದ್ದವಾಗುತ್ತದೆ. ಆದರೆ ಜೋಡಿ ಅಲ್ಲೇ ನಿಲ್ಲುವುದಿಲ್ಲ. ಒಂದು ಮುಖದಿಂದ ಪಕ್ಕದ ಮುಖಕ್ಕೆ ಜಾರಲು ಬೇಕಾದ ಶಕ್ತಿ ಬಹಳ ಕಡಿಮೆ, ಹಾಗಾಗಿ ಅಣು ಸದಾ ಹೊರಳುತ್ತಿರುತ್ತದೆ. ಮುಖದಿಂದ ಮುಖಕ್ಕೆ ಹೋಗುವಾಗ ಅದು ಎರಡು ಫ್ಲೋರಿನ್‌ಗಳ ನಡುವಿನ ಅಂಚನ್ನು ದಾಟಬೇಕು. ಅಂದರೆ ಮೂರು ಫ್ಲೋರಿನ್‌ಗಳ ನಡುವೆ ಲೋನ್ ಪೇರ್ ಇಟ್ಟ ಹುಡುಗಿ ಬರೆದದ್ದು ಅದು ತಂಗುವ ಜಾಗ, ಸಂದಿಯಲ್ಲಿ ತೂರಿಸಿದ ಹುಡುಗ ಬರೆದದ್ದು ಅದು ದಾಟುವ ಜಾಗ. ಒಂದು ಅಂಕದ ಪ್ರಶ್ನೆಗೆ ಇಷ್ಟು ಸಾಕು ಎಂದುಕೊಳ್ಳುತ್ತೇನೆ. ಹೆಸರು ಮಾತ್ರ ಬರೆದು ಅಂದವಾದ ಅಷ್ಟಮುಖಿ ಬಿಡಿಸಿದವರಿಗೆ ನಾನು ಕೈ ಬಿಗಿ ಹಿಡಿಯುತ್ತಿದ್ದೆ.

ಬಂಧದ ದಾರಿಯವರೂ ಸೋಲೊಪ್ಪಿ ಸುಮ್ಮನಾಗಲಿಲ್ಲ. ಅಷ್ಟಮುಖಿಯಲ್ಲಿ 5s ಜೋಡಿಗೂ ಅದರ ಮೇಲಿರುವ, p ಅಂಶವುಳ್ಳ ಖಾಲಿ ಆರ್ಬಿಟಲ್‌ಗಳಿಗೂ ನಡುವಿನ ಅಂತರ ಬಹಳ ದೊಡ್ಡದಲ್ಲ ಎಂದು ಅವರು ತೋರಿಸಿದರು. ಅಣು ಸ್ವಲ್ಪ ಸೊಟ್ಟಗಾದ ಕೂಡಲೇ s ಮತ್ತು p ಬೆರೆಯಬಹುದು, ಬೆರೆತರೆ ಗೋಳವಾಗಿದ್ದ ಜೋಡಿ ಒಂದು ದಿಕ್ಕಿಗೆ ಉಬ್ಬುತ್ತದೆ, ಶಕ್ತಿ ಕೊಂಚ ಇಳಿಯುತ್ತದೆ. ಎಷ್ಟು ಕೊಂಚ ಎಂದರೆ ಅಂದದ ಅಷ್ಟಮುಖಿಗೂ ಸೊಟ್ಟಗಿನದಕ್ಕೂ ವ್ಯತ್ಯಾಸ ಇದೆಯೋ ಇಲ್ಲವೋ ಎಂಬಷ್ಟು. ಅಣು ಹೊರಳಾಡುವುದಕ್ಕೆ ಕಾರಣ ಇದೇ. ನನಗೆ ಈ ಉತ್ತರ ಎಣಿಕೆಯ ಉತ್ತರಕ್ಕಿಂತ ಹೆಚ್ಚು ಹಿಡಿಸುತ್ತದೆ. ಏಳು ಜೋಡಿ ಎಂದು ಎಣಿಸಿದರೆ ಸೊಟ್ಟಗಿರಬೇಕು ಎಂದಷ್ಟೇ ತಿಳಿಯುತ್ತದೆ, ಆ ಸೊಟ್ಟ ಇಷ್ಟು ಅರೆಮನಸ್ಸಿನದು ಯಾಕೆ ಎಂದು ಇದು ಹೇಳುತ್ತದೆ.

ಇದೆಲ್ಲ ಆವಿಗೆ ಸೇರಿದ ಮಾತು ಎಂಬುದನ್ನೂ ಇಲ್ಲೇ ಹೇಳಿಬಿಡುತ್ತೇನೆ. ಪಾತ್ರೆಯೊಳಗಿನ ಬಿಳಿಯ ಹರಳಿನಲ್ಲಿ XeF₆ ಎಂಬ ಬಿಡಿ ಅಣುವೇ ಸಿಗುವುದಿಲ್ಲ. XeF₅⁺ ಅಯಾನುಗಳನ್ನು ಫ್ಲೋರೈಡ್‌ಗಳು ಸೇತುವೆಯಂತೆ ಜೋಡಿಸಿ ನಾಲ್ಕರ, ಆರರ ಬಳೆಗಳನ್ನು ಕಟ್ಟಿರುತ್ತವೆ. XeF₅⁺ನಲ್ಲಿ ಆರೇ ಜೋಡಿ, ಚೌಕದ ತಳವಿರುವ ಗೋಪುರ. ಅದರ ಲೋನ್ ಪೇರ್ ತಳದ ಕೆಳಗೆ ಗಟ್ಟಿಯಾಗಿ ಕೂತು ನಾಲ್ಕು ಫ್ಲೋರಿನ್‌ಗಳನ್ನು ಮೇಲಕ್ಕೆ ತಳ್ಳುತ್ತದೆ. ತುದಿಗೂ ತಳಕ್ಕೂ ನಡುವಿನ ಕೋನ 90ರಿಂದ ಸುಮಾರು 80 ಡಿಗ್ರಿಗೆ ಇಳಿಯುತ್ತದೆ. ಏಳನೆಯವರಿಗೆ ಜಾಗ ಹುಡುಕುವ ಕಷ್ಟದಿಂದ ಹರಳು ಹೀಗೆ ಪಾರಾಗುತ್ತದೆ.

ಆಮ್ಲಜನಕ ಬಂದಾಗ

ಆಮ್ಲಜನಕದೊಂದಿಗೆ ಎಣಿಕೆ ಸ್ವಲ್ಪ ಬದಲಾಗುತ್ತದೆ. ಒಂದೊಂದು ಆಮ್ಲಜನಕಕ್ಕೂ ಝೆನಾನಿನ ಎರಡು ಎಲೆಕ್ಟ್ರಾನ್ ಬೇಕು. ಎರಡು ಗೆರೆಯ ಜೋಡಿ ಬಂಧವೆಂದು ಬರೆದರೂ ಆಕಾರದ ಲೆಕ್ಕಕ್ಕೆ ಅದನ್ನು ಒಂದೇ ದಿಕ್ಕು ಎಂದು ಹಿಡಿಯುತ್ತೇವೆ. XeO₃ನಲ್ಲಿ ಎಂಟರಲ್ಲಿ ಆರು ಹೋಗಿ ಒಂದು ಜೋಡಿ ಉಳಿಯುತ್ತದೆ. ನಾಲ್ಕು ದಿಕ್ಕು, ಅದರಲ್ಲೊಂದು ಲೋನ್ ಪೇರ್, ಆದ್ದರಿಂದ ಅಮೋನಿಯದಂತೆ ಗೋಪುರ. ಕೋನ 109ರ ಬದಲು 103 ಡಿಗ್ರಿ. XeO₄ನಲ್ಲಿ ಏನೂ ಉಳಿಯುವುದಿಲ್ಲ, ಹಾಗಾಗಿ ಅಂದವಾದ ಚತುರ್ಮುಖಿ. ಇವುಗಳ ಆಕಾರ ಬಿಡಿಸುವುದು ಸುಲಭ, ಇವನ್ನು ಇಟ್ಟುಕೊಳ್ಳುವುದು ಕಷ್ಟ. ಎರಡು ಫ್ಲೋರಿನ್‌ಗಳ ನಡುವಿನ ಬಂಧ ಮುರಿಯಲು 158 ಕಿಲೋಜೂಲ್ ಸಾಕು, XeF₂ ಆದರೆ 266 ಸಿಗುತ್ತದೆ, ಲಾಭವೇ. ಆಮ್ಲಜನಕದ ಅಣು ಮುರಿಯಲು 498 ಬೇಕು, ಝೆನಾನ್-ಆಮ್ಲಜನಕ ಬಂಧ ಅಷ್ಟನ್ನು ಹಿಂದಿರುಗಿಸುವುದಿಲ್ಲ. XeO₃ ತನ್ನೊಳಗೆ ಒಂದು ಮೋಲ್‌ಗೆ ಸುಮಾರು 400 ಕಿಲೋಜೂಲ್ ಸಾಲ ಇಟ್ಟುಕೊಂಡೇ ಹುಟ್ಟುತ್ತದೆ. ನೀರಿನಲ್ಲಿ ಕರಗಿರುವಾಗ ಶಾಂತವಾಗಿರುವ ಅದು ಒಣಗಿದ ಮೇಲೆ ಯಾವಾಗ ಬೇಕಾದರೂ ಸಿಡಿಯಬಹುದು. ಫ್ಲೋರೈಡ್ ಪಾತ್ರೆಗೆ ತೇವ ತಾಗಿದರೂ ಇದೇ ಹುಟ್ಟುವುದು: XeF₆ ಮೂರು ನೀರಿನ ಅಣುಗಳೊಂದಿಗೆ ಸೇರಿದರೆ XeO₃ ಮತ್ತು ಆರು HF. 1963ರಲ್ಲಿ ಬಾರ್ಟ್ಲೆಟ್ ಮತ್ತು ಅವರ ವಿದ್ಯಾರ್ಥಿ ರಾವ್ ಈ ಬಗೆಯ ಸ್ಫೋಟದ ಅಪಾಯವನ್ನು ಎಚ್ಚರಿಸಿ ಬರೆದದ್ದು ಸ್ವಂತ ಅನುಭವದಿಂದ.

ಆಕಾರದ ದೃಷ್ಟಿಯಿಂದ ನನಗೆ ಇಷ್ಟವಾದದ್ದು XeOF₄. ಆರು ದಿಕ್ಕು: ಚೌಕದಲ್ಲಿ ನಾಲ್ಕು ಫ್ಲೋರಿನ್, ಮೇಲೆ ಆಮ್ಲಜನಕ, ಅದರ ನೇರ ಕೆಳಗೆ ಲೋನ್ ಪೇರ್. ನಾಲ್ಕು ಫ್ಲೋರಿನ್‌ಗಳು ಯಾರಿಗೆ ಹೆದರಿ ಯಾವ ಕಡೆ ಬಾಗುತ್ತವೆ? XeF₅⁺ನಲ್ಲಿ ಲೋನ್ ಪೇರ್ ಅವನ್ನು ಹತ್ತು ಡಿಗ್ರಿ ಮೇಲೆ ತಳ್ಳಿತ್ತು. ಇಲ್ಲಿ ಅಳೆದ ಕೋನ 91.8, ಅಂದರೆ ಹೆಚ್ಚುಕಡಿಮೆ ಸಮತಟ್ಟು, ಒಂದಿಷ್ಟು ಲೋನ್ ಪೇರಿನ ಕಡೆಗೇ ವಾಲಿವೆ. ಆಮ್ಲಜನಕದ ಜೋಡಿ ಬಂಧ ಲೋನ್ ಪೇರಿಗೆ ಸಮನಾಗಿ, ತೂಕಕ್ಕೆ ಒಂದು ಗುಲಗಂಜಿ ಹೆಚ್ಚಾಗಿಯೇ, ಜಾಗ ಹಿಡಿಯುತ್ತದೆ. ಜೋಡಿ ಬಂಧ ದಪ್ಪ ಎಂದು ತರಗತಿಯಲ್ಲಿ ಬಾಯಲ್ಲಿ ಹೇಳುವುದನ್ನು ಇಲ್ಲಿ ಡಿಗ್ರಿಯಲ್ಲಿ ಓದಬಹುದು.

ಎಣಿಕೆಗೆ ಎಡವಟ್ಟಾಗುವ ಆಕ್ಸೈಡೂ ಒಂದಿದೆ. XeO₂ ಎಂದು ಸೂತ್ರ ಕೊಟ್ಟರೆ ಯಾರಾದರೂ ನಾಲ್ಕು ದಿಕ್ಕು, ಎರಡು ಲೋನ್ ಪೇರ್, ನೀರಿನಂತೆ ಬಾಗಿದ ಅಣು ಎನ್ನುತ್ತಾರೆ. 2011ರಲ್ಲಿ ಬ್ರಾಕ್ ಮತ್ತು ಶ್ರೋಬಿಲ್ಗೆನ್ ಹಳದಿ ಬಣ್ಣದ ಈ ವಸ್ತುವನ್ನು ತಯಾರಿಸಿದಾಗ ಅಂಥ ಬಿಡಿ ಅಣು ಅಲ್ಲಿರಲಿಲ್ಲ. ಒಂದೊಂದು ಆಮ್ಲಜನಕವನ್ನೂ ಎರಡು ಝೆನಾನ್‌ಗಳು ಹಂಚಿಕೊಂಡು ಉದ್ದಕ್ಕೂ ಬಲೆ ಹೆಣೆದುಕೊಂಡಿದ್ದವು, ಒಂದೊಂದು ಝೆನಾನಿನ ಸುತ್ತ ನಾಲ್ಕು ಆಮ್ಲಜನಕ. ತಮಾಷೆಯೆಂದರೆ ಆ ನಾಲ್ಕನ್ನು ಲೆಕ್ಕಕ್ಕೆ ಹಿಡಿದು ಮತ್ತೆ ಎಣಿಸಿದರೆ ಆರು ಜೋಡಿ, ಎರಡು ಲೋನ್ ಪೇರ್, ಸಮತಲದ ಚೌಕ. ಇದ್ದದ್ದೂ ಚೌಕವೇ. ನಿಯಮ ತಪ್ಪಲಿಲ್ಲ, ಸುತ್ತ ಎಷ್ಟು ಜನ ಇದ್ದಾರೆಂದು ಸೂತ್ರ ನೋಡಿ ಊಹಿಸಿದ್ದು ತಪ್ಪು. ಅಕ್ಕಪಕ್ಕದವರು ಎಷ್ಟು ಎಂದು ಹೇಳುವ ಶಕ್ತಿ ಈ ನಿಯಮಕ್ಕೆ ಇಲ್ಲವೇ ಇಲ್ಲ. ಅದನ್ನು ನಾವೇ ಕೊಡಬೇಕು.

ಜೋಡಿ ಕಾಣೆಯಾದಾಗ

ಏಳು ಜೋಡಿಗಳಿಗೆ ಇನ್ನೊಂದು ಉತ್ತರವನ್ನು 1991ರಲ್ಲಿ ಕ್ರಿಸ್ಟೆ ಮತ್ತು ಜೊತೆಗಾರರು ತೋರಿಸಿದರು. XeF₅⁻ ಅಯಾನಿನಲ್ಲಿ ಐದು ಫ್ಲೋರಿನ್, ಎರಡು ಲೋನ್ ಪೇರ್. ಲೋನ್ ಪೇರ್‌ಗಳು ಮೇಲೊಂದು ಕೆಳಗೊಂದು ನಿಂತು, ಐದೂ ಫ್ಲೋರಿನ್‌ಗಳು ಒಂದೇ ಸಮತಲದಲ್ಲಿ ಪಂಚಭುಜವಾಗಿ ಕೂತಿವೆ. ಎಣಿಕೆಯವರು ಹಿಗ್ಗಿದರು, ಹಿಗ್ಗಲೇಬೇಕು.

ಆದರೆ XeF₆ ಇನ್ನೆರಡು ಫ್ಲೋರೈಡ್‌ಗಳನ್ನು ಒಳಗೆ ಬಿಟ್ಟುಕೊಂಡು XeF₈²⁻ ಆದಾಗ ನೋಡಿ. ಎಂಟು ಬಂಧ, ಒಂದು ಲೋನ್ ಪೇರ್, ಒಂಬತ್ತು ಜೋಡಿ. ನೈಟ್ರೋಸಿಲ್ ಲವಣದ ಹರಳಿನಲ್ಲಿ ಅಳೆದರೆ ಎಂಟು ಫ್ಲೋರಿನ್‌ಗಳು ಎರಡು ಚೌಕಗಳಾಗಿ, ಮೇಲಿನ ಚೌಕ ಕೆಳಗಿನದಕ್ಕೆ 45 ಡಿಗ್ರಿ ತಿರುಗಿ, ಒಂಬತ್ತನೆಯವರಿಗೆ ಎಲ್ಲೂ ಸಂದಿ ಬಿಡದೆ ಕೂತಿವೆ. ಲೋನ್ ಪೇರ್ ಇದೆ, ಆಕಾರದಲ್ಲಿ ಅದರ ಗುರುತಿಲ್ಲ. ಸುತ್ತ ಎಂಟು ಫ್ಲೋರಿನ್ ಒತ್ತಿಕೊಂಡು ನಿಂತಾಗ ಅದು ಒಳಗಿನ ಗೋಳಾಕಾರದ s ಆರ್ಬಿಟಲ್‌ಗೆ ಹಿಂದೆ ಸರಿದಿದೆ. TeCl₆²⁻ ಕೂಡ ಹಾಗೆಯೇ: XeF₆ನಂತೆ ಏಳು ಜೋಡಿ, ಆದರೂ ಅಂದವಾದ ಅಷ್ಟಮುಖಿ, ಯಾಕೆಂದರೆ ಆರು ದಪ್ಪ ಕ್ಲೋರಿನ್‌ಗಳು ಏಳನೆಯದಕ್ಕೆ ಎಡೆ ಕೊಡುವುದಿಲ್ಲ. ಆರು ಕ್ಲೋರಿನ್‌ಗಳ ಬಿಗಿ ಗುಂಪಿಗೂ ಐದು ಫ್ಲೋರಿನ್‌ಗಳ ಸಡಿಲ ಗುಂಪಿಗೂ ನಡುವಿನ ಗಡಿಯಲ್ಲೇ XeF₆ ನಿಂತಿದೆ. ಏಳನೆಯ ಜೋಡಿ ಹೊರಗೆ ಬರಲು ಜಾಗ ಸ್ವಲ್ಪ ಇದೆ, ಬಂದು ಕೂರಲು ಸಾಲದು.